ಫಾರಿನ್ ರಿಸರ್ಚ್ ಇಂಟರ್ನ್‌ಶಿಪ್, ಸಮ್ಮರ್ ಸ್ಕೂಲ್, ಇಲ್ಲಾ ನೀವೇ ಮೇಲ್ ಹಾಕಿ ಹುಡುಕಿಕೊಂಡ ಲ್ಯಾಬ್: ಡಿಸೆಂಬರ್ ಅಪ್ಲಿಕೇಷನ್‌ಗೆ ಯಾವುದು ಕೆಲಸಕ್ಕೆ ಬರುತ್ತೆ?

ಡಿಸೆಂಬರ್‌ನಲ್ಲಿ ಫಾರಿನ್ ಪಿಎಚ್‌ಡಿಗೋ ಇಲ್ಲಾ ಥೀಸಿಸ್ ಇರೋ ಮಾಸ್ಟರ್ಸ್‌ಗೋ ಅಪ್ಲೈ ಮಾಡೋ ಪ್ಲಾನ್ ಇದೆ, ಅದಕ್ಕೂ ಮುಂಚೆ ಒಂದೇ ಒಂದು ಬೇಸಿಗೆ ಬಾಕಿ ಇದೆ ಅನ್ನೋರ ಮುಂದೆ ಸಾಮಾನ್ಯವಾಗಿ ಮೂರು ದಾರಿ ಇರುತ್ತೆ. ಒಂದು, ಸ್ಟೈಪೆಂಡ್ ಕೊಟ್ಟು ಕರೆಸಿಕೊಳ್ಳೋ ರಿಸರ್ಚ್ ಪ್ರೋಗ್ರಾಮ್‌ಗಳು, ಕೆನಡಾದ ಮಿಟಾಕ್ಸ್ ಗ್ಲೋಬಲಿಂಕ್, ಸ್ವಿಟ್ಜರ್ಲೆಂಡ್‌ನ ಸಮ್ಮರ್ ಅಟ್ ಇಪಿಎಫ್‌ಎಲ್, ಜಪಾನ್‌ನ ಓಐಎಸ್‌ಟಿ ರಿಸರ್ಚ್ ಇಂಟರ್ನ್‌ಶಿಪ್ ಇಂಥವು. ಎರಡು, ಯಾವ ಪ್ರೋಗ್ರಾಮೂ ಇಲ್ಲದೆ ನೀವೇ ಪ್ರೊಫೆಸರ್‌ಗೆ ಮೇಲ್ ಬರೆದು ಅವರ ಲ್ಯಾಬಿಗೆ ಹೋಗೋದು. ಮೂರು, ನೀವೇ ಫೀಸ್ ಕಟ್ಟಿ ದೊಡ್ಡ ಹೆಸರಿನ ಯೂನಿವರ್ಸಿಟಿಯ ಸಮ್ಮರ್ ಸ್ಕೂಲ್‌ಗೆ ಹೋಗಿ ಮೂರ್ನಾಲ್ಕು ವಾರ ಕ್ಲಾಸ್ ಕೇಳಿ ಬರೋದು. ಹೆಚ್ಚಿನೋರು ಇದರಲ್ಲಿ ಆರಿಸೋದು ರೆಸ್ಯುಮೆಯಲ್ಲಿ ಯಾವ ಯೂನಿವರ್ಸಿಟಿ ಹೆಸರು ಚೆನ್ನಾಗಿ ಕಾಣುತ್ತೆ ಅಂತ ನೋಡಿ. ನನ್ನ ಪ್ರಕಾರ ನೋಡಬೇಕಾಗಿರೋದು ಬೇರೇನೇ, ಆ ಬೇಸಿಗೆ ಮುಗಿದ ಮೇಲೆ ನಿಮ್ಮ ಬಗ್ಗೆ ಯಾರು ರೆಕಮೆಂಡೇಷನ್ ಲೆಟರ್ ಬರೀತಾರೆ, ಅದರಲ್ಲಿ ಬರೆಯೋಕೆ ಅವರ ಹತ್ರ ಏನಿರುತ್ತೆ ಅನ್ನೋದು.

ಯಾಕಂದ್ರೆ ಅಮೆರಿಕದ ಪಿಎಚ್‌ಡಿ ಅಪ್ಲಿಕೇಷನ್‌ಗಳಲ್ಲಿ ಸಾಮಾನ್ಯವಾಗಿ ಮೂರು ಲೆಟರ್ ಕೇಳ್ತಾರೆ, ಲೆಟರ್ ಬರೆಯೋರಿಗೆ ಆನ್‌ಲೈನ್‌ನಲ್ಲಿ ಒಂದು ಫಾರ್ಮ್ ಹೋಗುತ್ತೆ, ತುಂಬಾ ಕಡೆ ಆ ಫಾರ್ಮ್‌ನಲ್ಲೇ ಮೊದಲು ಕೇಳೋದು ಈ ಸ್ಟೂಡೆಂಟ್ ನಿಮಗೆ ಎಷ್ಟು ದಿನದಿಂದ ಗೊತ್ತು, ಯಾವ ರೀತಿ ಗೊತ್ತು, ಕ್ಲಾಸಲ್ಲಿ ಕೂತಿದ್ದೋರಾ ಇಲ್ಲಾ ನಿಮ್ಮ ಜೊತೆ ರಿಸರ್ಚ್ ಮಾಡಿದೋರಾ ಅಂತ. ಆಮೇಲೆ ಒಂದು ಟೇಬಲ್ ಇರುತ್ತೆ, ಸ್ವಂತವಾಗಿ ಯೋಚನೆ ಮಾಡೋ ಶಕ್ತಿ, ಬರವಣಿಗೆ, ಲ್ಯಾಬ್ ಕೆಲಸ ಇಂಥದ್ದರಲ್ಲಿ ಈ ವ್ಯಕ್ತಿ ನೀವು ನೋಡಿದೋರಲ್ಲಿ ಟಾಪ್ 5 ಪರ್ಸೆಂಟಾ, 10 ಪರ್ಸೆಂಟಾ, 25 ಪರ್ಸೆಂಟಾ ಅಂತ ಟಿಕ್ ಮಾಡ್ಬೇಕು. ಈಗ ಯೋಚನೆ ಮಾಡಿ, 80 ಜನರ ಕ್ಲಾಸಿಗೆ ಮೂರು ವಾರ ಪಾಠ ಮಾಡಿದ ಪ್ರೊಫೆಸರ್ ಈ ಟೇಬಲ್ ತುಂಬೋದು ಹೇಗೆ? ಅವರು ಪಾಪ ಒಳ್ಳೆಯವರೇ ಇರಬಹುದು, ಆದ್ರೆ ‘ಕ್ಲಾಸಿಗೆ ಸರಿಯಾಗಿ ಬಂದರು, ಪ್ರಶ್ನೆ ಕೇಳಿದರು, ಎ ಗ್ರೇಡ್ ತಗೊಂಡರು’ ಅನ್ನೋದಕ್ಕಿಂತ ಜಾಸ್ತಿ ಅವರ ಹತ್ರ ಏನೂ ಇರಲ್ಲ. ಅದೇ ನಾಲ್ಕು ಜನರ ಸಣ್ಣ ಲ್ಯಾಬ್‌ನ ಪ್ರೊಫೆಸರ್ ಆದ್ರೆ, ಜೂನ್ ಕೊನೇಲಿ ರಿಸಲ್ಟ್ ಹೊಂದಾಣಿಕೆ ಆಗದೇ ಇದ್ದಾಗ ಈ ಹುಡುಗಿ ತಾನೇ ಕೂತು ಹಿಂದಕ್ಕೆ ಹೋಗಿ ನಾರ್ಮಲೈಸೇಷನ್ ಸ್ಟೆಪ್‌ನಲ್ಲಿ ತಪ್ಪು ಹಿಡಿದಳು, ಹಳೇ ಎರಡು ಡೇಟಾಸೆಟ್‌ಗಳಲ್ಲೂ ಅದನ್ನ ಚೆಕ್ ಮಾಡಿ ತೋರಿಸಿದಳು ಅಂತ ಬರೀತಾರೆ. ಅಡ್ಮಿಷನ್ ಕಮಿಟಿಯಲ್ಲಿ ಕೂತೋರು ಹುಡುಕೋದು ಆ ಥರದ ವಾಕ್ಯನೇ.

ಹಂಗಾಗಿ ಸಮ್ಮರ್ ಸ್ಕೂಲ್ ವಿಷಯ ಬೇಗ ಮುಗಿಸಿಬಿಡ್ತೀನಿ. ನೀವು ಹೋಗ್ತಿರೋದು ಬರೀ ಕೋರ್ಸ್‌ಗಳಿರೋ ಮಾಸ್ಟರ್ಸ್‌ಗೆ, ನಿಮ್ಮ ಡಿಗ್ರಿಯಲ್ಲಿ ಸ್ಟಾಟಿಸ್ಟಿಕ್ಸೋ ಲಿನಿಯರ್ ಆಲ್ಜೀಬ್ರಾನೋ ಇರಲೇ ಇಲ್ಲ, ಆ ಮಾಸ್ಟರ್ಸ್‌ಗೆ ಅದು ಪ್ರಿರಿಕ್ವಿಸಿಟ್ ಅಂತ ಕೇಳ್ತಿದ್ದಾರೆ ಅನ್ನೋ ಪರಿಸ್ಥಿತಿಯಲ್ಲಿ ಗ್ರೇಡ್ ಮತ್ತು ಟ್ರಾನ್ಸ್‌ಕ್ರಿಪ್ಟ್ ಕೊಡೋ ಸಮ್ಮರ್ ಕೋರ್ಸ್‌ಗೆ ಅರ್ಥ ಇದೆ. ಬರೀ ಸರ್ಟಿಫಿಕೇಟ್ ಕೊಡೋದಾದ್ರೆ ಅದಕ್ಕೂ ಇಲ್ಲ. ಆ ಯೂನಿವರ್ಸಿಟಿಯ ಸಮ್ಮರ್ ಸ್ಕೂಲ್‌ಗೆ ಹೋದ್ರೆ ಅಲ್ಲಿನ ಪಿಎಚ್‌ಡಿ ಅಡ್ಮಿಷನ್‌ಗೆ ದಾರಿ ಆಗುತ್ತೆ ಅನ್ನೋ ನಂಬಿಕೆ ಬೇಡ, ಸಾಮಾನ್ಯವಾಗಿ ಸಮ್ಮರ್ ಸ್ಕೂಲ್ ನಡೆಸೋ ಆಫೀಸ್ ಬೇರೆ, ಡಿಪಾರ್ಟ್‌ಮೆಂಟಿನ ಅಡ್ಮಿಷನ್ ಕಮಿಟಿ ಬೇರೆ. ಇನ್ನೊಂದು ಜಾತಿ ಇದೆ, ಫೀಸ್ ತಗೊಂಡು ‘ರಿಸರ್ಚ್ ಮೆಂಟರ್‌ಶಿಪ್’ ಅಂತ ಮಾರೋದು, ಲೆಟರ್ ಗ್ಯಾರಂಟಿ, ಪೇಪರ್ ಗ್ಯಾರಂಟಿ ಅಂತ ಮೊದಲೇ ಹೇಳಿಬಿಡ್ತಾರೆ. ನಿಮ್ಮ ಕೆಲಸ ನೋಡೋಕೂ ಮುಂಚೆನೇ ಲೆಟರ್ ಗ್ಯಾರಂಟಿ ಕೊಡೋರು ಬರೆಯೋ ಲೆಟರ್‌ಗೆ ಎಷ್ಟು ಬೆಲೆ ಇರುತ್ತೆ ಅಂತ ನೀವೇ ಹೇಳಿ.

ಇನ್ನು ನಿಜವಾದ ಹೋಲಿಕೆ ಇರೋದು ಮೊದಲೆರಡರ ಮಧ್ಯೆ. ಪ್ರೋಗ್ರಾಮ್‌ಗಳ ದೊಡ್ಡ ಲಾಭ ಅಂದ್ರೆ ಹಣ, ವೀಸಾ ಪೇಪರ್, ಇನ್ಶೂರೆನ್ಸ್, ಉಳಿಯೋ ಜಾಗ ಇದರಲ್ಲಿ ಬಹುಪಾಲು ಅವರೇ ನೋಡಿಕೊಳ್ತಾರೆ ಇಲ್ಲಾ ದಾರಿ ತೋರಿಸ್ತಾರೆ, ಜೊತೆಗೆ ಅಲ್ಲಿ ಸೆಲೆಕ್ಟ್ ಆಗಿದ್ದೇ ಒಂದು ಫಿಲ್ಟರ್ ದಾಟಿದ ಹಾಗೆ ಅಂತ ಕಮಿಟಿಗೂ ಗೊತ್ತಿರುತ್ತೆ. ಆದ್ರೆ ಎಲ್ಲಾ ಪ್ರೋಗ್ರಾಮೂ ಒಂದೇ ಥರ ಅಲ್ಲ. ಇಟಿಎಚ್ ಜ್ಯೂರಿಕ್‌ನ ಕಂಪ್ಯೂಟರ್ ಸೈನ್ಸ್ ಡಿಪಾರ್ಟ್‌ಮೆಂಟಿನ ಸಮ್ಮರ್ ಫೆಲೋಶಿಪ್ ಎರಡು ತಿಂಗಳು, ಕ್ಯಾಲ್‌ಟೆಕ್‌ನ ಸರ್ಫ್ 10 ವಾರ, ಮಿಟಾಕ್ಸ್ 12 ವಾರ, ಇಪಿಎಫ್‌ಎಲ್‌ದು ಮೂರು ತಿಂಗಳು, ಓಐಎಸ್‌ಟಿಯಲ್ಲಿ ಎರಡರಿಂದ ಆರು ತಿಂಗಳು, ಸೌದಿಯ ಕೌಸ್ಟ್ ಯೂನಿವರ್ಸಿಟಿಯ ವಿಸಿಟಿಂಗ್ ಸ್ಟೂಡೆಂಟ್ ಪ್ರೋಗ್ರಾಮ್‌ನಲ್ಲಿ ಮೂರರಿಂದ ಆರು ತಿಂಗಳು. ಜಿನೀವಾ ಹತ್ತಿರದ ಪಾರ್ಟಿಕಲ್ ಫಿಸಿಕ್ಸ್ ಲ್ಯಾಬ್ ಸರ್ನ್‌ನ ಸಮ್ಮರ್ ಸ್ಟೂಡೆಂಟ್ ಪ್ರೋಗ್ರಾಮ್ 8ರಿಂದ 13 ವಾರ, ಆದ್ರೆ ಅಲ್ಲಿ ಬೇಸಿಗೆಯ ಒಂದು ದೊಡ್ಡ ಭಾಗದಲ್ಲಿ ಬೆಳಗ್ಗೆ ಹೊತ್ತು ಲೆಕ್ಚರ್‌ಗಳಿರುತ್ತೆ, ಪ್ರಾಜೆಕ್ಟ್‌ಗೆ ಸಿಗೋದು ಉಳಿದ ಟೈಮ್. ಆ ಲೆಕ್ಚರ್‌ಗಳು ಚಿನ್ನದಂಥವು, ಪಾರ್ಟಿಕಲ್ ಫಿಸಿಕ್ಸ್‌ಗೇ ಹೋಗೋರು ಬಿಡಬಾರದು, ಆದರೂ ಲೆಟರ್‌ಗೆ ಬೇಕಾದ ಕೆಲಸಕ್ಕೆ ಕ್ಯಾಲೆಂಡರ್‌ನಲ್ಲಿ ಎಷ್ಟು ವಾರ ಉಳಿಯುತ್ತೆ ಅಂತ ಲೆಕ್ಕ ಹಾಕಿಕೊಂಡೇ ಹೋಗಬೇಕು.

ಈ ವಾರಗಳ ಲೆಕ್ಕ ಯಾಕೆ ಮುಖ್ಯ ಅಂದ್ರೆ, ಹೋದ ದಿನದಿಂದಲೇ ಕೆಲಸ ಶುರುವಾಗಲ್ಲ. ಐಡಿ ಕಾರ್ಡ್, ಸೇಫ್ಟಿ ಟ್ರೈನಿಂಗ್, ಸರ್ವರ್ ಅಕೌಂಟ್, ಇನ್ಯಾರದ್ದೋ ಅರ್ಧಂಬರ್ಧ ಕೋಡ್ ಓದಿ ಅರ್ಥ ಮಾಡಿಕೊಳ್ಳೋದು, ಇದರಲ್ಲೇ ಒಂದೂವರೆ ಎರಡು ವಾರ ಹೋಗುತ್ತೆ. ಕೊನೇ ವಾರ ರಿಪೋರ್ಟು, ಪೋಸ್ಟರ್, ಪ್ರೆಸೆಂಟೇಷನ್‌ಗೆ ಹೋಗುತ್ತೆ. ಅಂದ್ರೆ 8 ವಾರದ ಇಂಟರ್ನ್‌ಶಿಪ್‌ನಲ್ಲಿ ಕೈಯಲ್ಲಿ ಉಳಿಯೋದು ಐದೋ ಐದೂವರೆಯೋ, 12 ವಾರದ್ದರಲ್ಲಿ ಒಂಬತ್ತು. ಮೊದಲ ಪ್ರಯತ್ನ ಕೆಟ್ಟು, ಯಾಕೆ ಕೆಟ್ಟಿತು ಅಂತ ಹುಡುಕಿ, ಎರಡನೇ ಸಲ ಸರಿ ಮಾಡೋಷ್ಟು ಜಾಗ ಒಂಬತ್ತು ವಾರದಲ್ಲಿ ಇರುತ್ತೆ, ಐದರಲ್ಲಿ ಅದೃಷ್ಟ ಇದ್ರೆ ಮಾತ್ರ. ನಿಮ್ಮನ್ನ ಹತ್ತಿರದಿಂದ ನೋಡೋರಿಗೆ ಆ ಎರಡನೇ ಸುತ್ತಲ್ಲೇ ನೀವು ಹೇಗೆ ಅಂತ ಗೊತ್ತಾಗೋದು.

ಪ್ರೋಗ್ರಾಮ್‌ನ ದೊಡ್ಡ ತೊಂದರೆ ಅಂದ್ರೆ ಪ್ರಾಜೆಕ್ಟು ಮತ್ತು ಗೈಡ್ ಎಷ್ಟೋ ಸಲ ಮ್ಯಾಚಿಂಗ್‌ನಲ್ಲಿ ಬರುತ್ತೆ. ಮಿಟಾಕ್ಸ್‌ನಲ್ಲಿ ನೀವು ಪಟ್ಟಿಯಿಂದ ಹಲವು ಪ್ರಾಜೆಕ್ಟ್ ಆರಿಸಿ ಕೊಡ್ತೀರ, ಪ್ರೊಫೆಸರ್‌ಗಳೂ ಆರಿಸ್ತಾರೆ, ಆಮೇಲೆ ಜೋಡಿ ಆಗುತ್ತೆ. ಆಗ ಪ್ರಾಜೆಕ್ಟ್ ವಿವರಣೆ ಓದೋ ರೀತಿ ಗೊತ್ತಿರಬೇಕು. ‘ಸ್ಟೂಡೆಂಟ್ ಲಿಟರೇಚರ್ ರಿವ್ಯೂಗೆ ಸಹಾಯ ಮಾಡ್ತಾರೆ, ಡೇಟಾ ಕಲೆಕ್ಷನ್‌ನಲ್ಲಿ ಭಾಗವಹಿಸ್ತಾರೆ’ ಅಂತಷ್ಟೇ ಇದ್ರೆ ಮೂರು ತಿಂಗಳು ಎಕ್ಸೆಲ್ ಶೀಟ್ ಕ್ಲೀನ್ ಮಾಡ್ತಾ ಕೂರೋ ಸಾಧ್ಯತೆ ಜಾಸ್ತಿ. ‘ಈ ಮೆಥಡ್ ಇಂಪ್ಲಿಮೆಂಟ್ ಮಾಡಿ, ಈ ಹಳೇ ಮೆಥಡ್ ಜೊತೆ ಇಂಥ ಡೇಟಾ ಮೇಲೆ ಹೋಲಿಸಬೇಕು’ ಅಂತ ಇದ್ರೆ ಶುರು ಯಾವುದು, ಮುಗಿಯೋದು ಯಾವುದು ಅಂತ ಅವರೇ ಯೋಚಿಸಿದ್ದಾರೆ ಅಂತ ಅರ್ಥ. ಯೂನಿವರ್ಸಿಟಿ ಹೆಸರು ಸ್ವಲ್ಪ ಚಿಕ್ಕದಾದ್ರೂ ನಾನಾದ್ರೆ ಎರಡನೇದನ್ನೇ ಮೇಲೆ ಹಾಕ್ತೀನಿ.

ಸ್ವಂತವಾಗಿ ಮೇಲ್ ಹಾಕಿ ಹೋಗೋದರಲ್ಲಿ ಇದಕ್ಕೆ ಪೂರ್ತಿ ಉಲ್ಟಾ. ಪ್ರೊಫೆಸರ್ ನಿಮ್ಮನ್ನೇ ನೋಡಿ ಹೂಂ ಅಂದಿರ್ತಾರೆ, ವಿಷಯ ನೀವಿಬ್ಬರೂ ಸೇರಿ ತೀರ್ಮಾನ ಮಾಡಿರ್ತೀರ, ತಾರೀಕನ್ನ ಹಿಂದೆ ಮುಂದೆ ಮಾಡಬಹುದು. ಆದ್ರೆ ಉಳಿದದ್ದೆಲ್ಲಾ ನಿಮ್ಮ ತಲೆ ಮೇಲೆ. ಕೆಲವು ಯೂನಿವರ್ಸಿಟಿಗಳು ಹೊರಗಿನ ಸ್ಟೂಡೆಂಟ್‌ಗೆ ವಿಸಿಟಿಂಗ್ ಫೀಸು ಇಲ್ಲಾ ಲ್ಯಾಬ್ ಬಳಸೋದಕ್ಕೆ ಬೆಂಚ್ ಫೀ ಹಾಕ್ತಾರೆ, ಇದು ಎಷ್ಟೋ ಸಲ ಪ್ರೊಫೆಸರ್‌ಗೇ ಗೊತ್ತಿರಲ್ಲ, ಡಿಪಾರ್ಟ್‌ಮೆಂಟ್ ಆಫೀಸ್‌ಗೆ ಕೇಳಿದಾಗಲೇ ಹೊರಗೆ ಬರೋದು. ಅಮೆರಿಕ ಆದ್ರೆ ಸಾಮಾನ್ಯವಾಗಿ ಜೆ-1 ವೀಸಾ ಬೇಕಾಗುತ್ತೆ, ಅದಕ್ಕೆ ಡಿಎಸ್-2019 ಅನ್ನೋ ಫಾರ್ಮ್ ಅಲ್ಲಿನ ಇಂಟರ್‌ನ್ಯಾಷನಲ್ ಆಫೀಸ್‌ನಿಂದ ಬರಬೇಕು, ಅದಕ್ಕೆ ನಿಮ್ಮ ಖರ್ಚಿಗೆ ಹಣ ಎಲ್ಲಿಂದ ಅಂತ ತೋರಿಸಬೇಕು, ಇಂಗ್ಲಿಷ್ ಬರುತ್ತೆ ಅಂತ ತೋರಿಸಬೇಕು, ಇನ್ಶೂರೆನ್ಸ್ ಬೇಕು, ಆಮೇಲೆ ವೀಸಾ ಇಂಟರ್‌ವ್ಯೂ. ಪ್ರೊಫೆಸರ್ ‘ವೆಲ್ಕಮ್’ ಅಂತ ಬರೆದ ಮೇಲ್‌ಗೂ ಈ ಫಾರ್ಮ್ ಕೈಗೆ ಬರೋದಕ್ಕೂ ಮಧ್ಯೆ ತಿಂಗಳುಗಟ್ಟಲೆ ಹೋಗಬಹುದು, ಮಾರ್ಚ್‌ನಲ್ಲಿ ಒಪ್ಪಿಗೆ ತಗೊಂಡು ಮೇ ತಿಂಗಳಲ್ಲಿ ಹೋಗ್ತೀನಿ ಅಂದ್ರೆ ಕಷ್ಟ. ಟೂರಿಸ್ಟ್ ವೀಸಾದಲ್ಲಿ ಹೋಗಿ ಲ್ಯಾಬಲ್ಲಿ ಕೆಲಸ ಮಾಡೋ ಐಡಿಯಾ ಯಾರಾದ್ರೂ ಕೊಟ್ರೆ ಕೈ ಮುಗಿದು ಬಿಟ್ಟುಬಿಡಿ, ಮುಂದೆ ಎಫ್-1 ಸ್ಟೂಡೆಂಟ್ ವೀಸಾಗೆ ಹೋದಾಗ ಅದೇ ಕಾಲಿಗೆ ಸುತ್ತಿಕೊಳ್ಳುತ್ತೆ.

ಮೇಲ್ ಬರೆಯೋಕೆ ಸರಿಯಾದ ಟೈಮ್ ಹಿಂದಿನ ವರ್ಷದ ಅಕ್ಟೋಬರ್‌ನಿಂದ ಜನವರಿ. ಆರೇಳು ವಾಕ್ಯ ಸಾಕು: ಯಾರು ನೀವು, ಅವರ ಒಂದು ಪೇಪರ್‌ನಲ್ಲಿ ಯಾವ ಒಂದು ವಿಷಯ ನಿಮ್ಮ ಕೆಲಸಕ್ಕೆ ತಾಗುತ್ತೆ, ನೀವು ಈಗಾಗ್ಲೇ ಏನು ಮಾಡಿದ್ದೀರ, ಯಾವ ತಾರೀಕಿಂದ ಯಾವ ತಾರೀಕಿಗೆ ಬರಬಹುದು, ಹಣ ಬೇಕಾ ಇಲ್ಲಾ ನಿಮ್ಮದೇ ಇದೆಯಾ. ಒಂದು ಪುಟದ ಸಿವಿ, ಮಾರ್ಕ್ಸ್ ಶೀಟ್ ಪಿಡಿಎಫ್. ಹತ್ತು ದಿನ ಬಿಟ್ಟು ಒಂದೇ ಒಂದು ರಿಮೈಂಡರ್, ಅಷ್ಟೇ. ಇತ್ತೀಚೆಗೆ ಲ್ಯಾಬ್ ಶುರು ಮಾಡಿದ ಅಸಿಸ್ಟೆಂಟ್ ಪ್ರೊಫೆಸರ್‌ಗಳಿಗೆ ಬರೆದ್ರೆ ಉತ್ತರ ಬರೋ ಚಾನ್ಸ್ ಜಾಸ್ತಿ, ಅವರಿಗೆ ಕೈಗಳು ಬೇಕಾಗಿರುತ್ತೆ, ಬೆಂಚ್ ಪಕ್ಕ ಅವರೇ ನಿಂತಿರ್ತಾರೆ. ಅವರ ಹೆಸರಿಗೆ ದೊಡ್ಡ ಪ್ರೊಫೆಸರ್ ಹೆಸರಿನಷ್ಟು ತೂಕ ಇರಲ್ಲ ಅನ್ನೋದು ನಿಜ, ಆದ್ರೆ ವಿವರ ತುಂಬಿದ ಎರಡು ಪುಟದ ಲೆಟರ್ ಮುಂದೆ ದೊಡ್ಡ ಸಹಿ ಇರೋ ಐದು ಸಾಲಿನ ಲೆಟರ್ ನಿಲ್ಲಲ್ಲ.

ಈಗ ಒಂದು ಉದಾಹರಣೆ ತಗೊಳ್ಳೋಣ. ಕಂಪ್ಯೂಟೇಷನಲ್ ಬಯಾಲಜಿ ಕಡೆ ಆಸಕ್ತಿ ಇರೋ ಒಬ್ಬ ಸ್ಟೂಡೆಂಟ್, ಡಿಗ್ರಿ ಮುಗಿಯೋಕೆ ಒಂದು ವರ್ಷ ಇದೆ, ಬರೋ ಡಿಸೆಂಬರ್‌ನಲ್ಲಿ ಅಮೆರಿಕದ ಪಿಎಚ್‌ಡಿಗೆ ಅಪ್ಲೈ ಮಾಡ್ತಾಳೆ, ಡೆಡ್‌ಲೈನ್‌ಗಳು ಡಿಸೆಂಬರ್ 1ರಿಂದ 15ರ ಮಧ್ಯೆ. ಕೈಯಲ್ಲಿ ಎರಡು ಆಫರ್. ಮೊದಲನೇದು 12 ವಾರದ ಫಂಡೆಡ್ ಪ್ರೋಗ್ರಾಮ್, ಮೇ ಮಧ್ಯದಿಂದ ಆಗಸ್ಟ್ ಮೊದಲ ವಾರದ ತನಕ, ಹಿರಿಯ ಪ್ರೊಫೆಸರ್, ಅವರ ಗ್ರೂಪ್‌ನಲ್ಲಿ 15 ಜನ. ಎರಡನೇದು ಮೇಲ್ ಹಾಕಿ ಸಿಕ್ಕಿದ್ದು, ಹೊಸ ಅಸಿಸ್ಟೆಂಟ್ ಪ್ರೊಫೆಸರ್, ನಾಲ್ಕು ಜನರ ಲ್ಯಾಬ್, 8 ವಾರ, ಸ್ಟೈಪೆಂಡ್ ಇಲ್ಲ. ಅವಳ ಮನೆಯೋರು ಮೊದಲನೇದು ಅಂತಾರೆ, ಯಾಕಂದ್ರೆ ದುಡ್ಡು ಕೊಡ್ತಾರೆ, ಫ್ರೆಂಡ್ಸ್ ಕೂಡ ಅದೇ ಅಂತಾರೆ. ಬಹುಶಃ ಅದೇ ಸರಿ, ಆದ್ರೆ ಒಪ್ಪಿಕೊಳ್ಳೋಕೂ ಮುಂಚೆ ಇಬ್ಬರಿಗೂ ನಾಲ್ಕು ಪ್ರಶ್ನೆ ಕಳಿಸಬೇಕು. ದಿನಾ ನನ್ನ ಕೆಲಸ ನೋಡೋರು ಯಾರು, ನಿಮ್ಮ ಜೊತೆ ನೇರವಾಗಿ ಮಾತಾಡೋ ಮೀಟಿಂಗ್ ಎಷ್ಟು ದಿನಕ್ಕೊಮ್ಮೆ, ಜೂನ್ ಜುಲೈನಲ್ಲಿ ನೀವು ಊರಲ್ಲಿ ಇರ್ತೀರಾ, ಕೆಲಸ ಚೆನ್ನಾಗಿ ಆದ್ರೆ ಅಕ್ಟೋಬರ್ ಹೊತ್ತಿಗೆ ಪಿಎಚ್‌ಡಿ ಅಪ್ಲಿಕೇಷನ್‌ಗೆ ಲೆಟರ್ ಕೇಳಬಹುದಾ. ಮೂರನೇ ಪ್ರಶ್ನೆ ತಮಾಷೆ ಅಂದುಕೊಳ್ಳಬೇಡಿ, ಬೇಸಿಗೆ ಅಂದ್ರೆ ಕಾನ್ಫರೆನ್ಸ್ ಸೀಸನ್, ಯುರೋಪ್‌ನಲ್ಲಂತೂ ಆಗಸ್ಟ್‌ನಲ್ಲಿ ಎಷ್ಟೋ ಲ್ಯಾಬ್ ಅರ್ಧ ಖಾಲಿ ಇರುತ್ತೆ.

ಹಿರಿಯ ಪ್ರೊಫೆಸರ್ ಹೀಗೆ ಉತ್ತರ ಕೊಟ್ಟರು ಅಂತಿಟ್ಟುಕೊಳ್ಳಿ: ಪಿಎಚ್‌ಡಿ ಮುಗಿಸಿ ನನ್ನ ಲ್ಯಾಬಲ್ಲಿ ರಿಸರ್ಚ್ ಮಾಡ್ತಿರೋ ಒಬ್ಬ ಪೋಸ್ಟ್‌ಡಾಕ್ ಜೊತೆ ದಿನಾ ಕೆಲಸ, ಪ್ರತಿ ಗುರುವಾರ ನನ್ನ ಜೊತೆ ಅರ್ಧ ಗಂಟೆ, ಗ್ರೂಪ್ ಮೀಟಿಂಗ್‌ನಲ್ಲಿ ಎರಡು ಸಲ ಪ್ರೆಸೆಂಟ್ ಮಾಡ್ಬೇಕು, ಲೆಟರ್ ಬಗ್ಗೆ ಪೋಸ್ಟ್‌ಡಾಕ್ ಮತ್ತು ನಾನು ಸೇರಿ ಬರೀತೀವಿ. ಹಂಗಾದ್ರೆ ಕಣ್ಣು ಮುಚ್ಚಿ ಮೊದಲನೇದು. ಪೋಸ್ಟ್‌ಡಾಕ್‌ಗೆ ವಿವರ ಗೊತ್ತಿರುತ್ತೆ, ಪ್ರೊಫೆಸರ್‌ಗೆ ಹೋಲಿಸೋಕೆ ವರ್ಷಗಳಿಂದ ನೋಡಿದ ಇಂಟರ್ನ್‌ಗಳಿರ್ತಾರೆ, ಇಬ್ಬರ ಸಹಿ ಇರೋ ಲೆಟರ್‌ನಲ್ಲಿ ಎರಡೂ ಬರುತ್ತೆ. ಅದೇ ‘ನನ್ನ ಸ್ಟೂಡೆಂಟ್ ಒಬ್ಬರು ನೋಡಿಕೊಳ್ತಾರೆ’ ಅಂತ ಒಂದೇ ಸಾಲು ಬಂದು, ಲೆಟರ್ ಪ್ರಶ್ನೆಗೆ ಉತ್ತರನೇ ಇಲ್ಲ ಅಂದ್ರೆ, ಎರಡನೇದನ್ನ ಗಂಭೀರವಾಗಿ ನೋಡಬೇಕು. ಎಂಟು ವಾರ ಕಮ್ಮಿ ಆಯ್ತು ಅನ್ನೋದಕ್ಕೆ ಮದ್ದು ಇದೆ, ಹೋಗೋಕೆ ಒಂದು ತಿಂಗಳು ಮುಂಚೆನೇ ಅವರ ಕೋಡ್ ಮತ್ತು ಸ್ಯಾಂಪಲ್ ಡೇಟಾ ತಗೊಂಡು ತನ್ನ ಕಂಪ್ಯೂಟರ್‌ನಲ್ಲಿ ಓಡಿಸಿ ನೋಡಿದ್ರೆ ಮೊದಲ ಎರಡು ವಾರದ ಪರದಾಟ ಒಂದಕ್ಕೆ ಇಳಿಯುತ್ತೆ, ವಾಪಸ್ ಬಂದ ಮೇಲೆ ಅಕ್ಟೋಬರ್ ತನಕ ವಾರಕ್ಕೊಂದು ವಿಡಿಯೋ ಮೀಟಿಂಗ್ ಇಟ್ಟುಕೊಂಡು ಒಂದು ಸಣ್ಣ ಅನಾಲಿಸಿಸ್ ಮುಂದುವರಿಸಿದ್ರೆ ‘ಎಷ್ಟು ದಿನದಿಂದ ಗೊತ್ತು’ ಅನ್ನೋ ಕಾಲಮ್‌ನಲ್ಲಿ ಎರಡು ತಿಂಗಳ ಬದಲು ಆರು ತಿಂಗಳು ಬರುತ್ತೆ. ಇದು ಕಂಪ್ಯೂಟರ್ ಮೇಲಿನ ಕೆಲಸಕ್ಕೆ ಮಾತ್ರ ನಡೆಯುತ್ತೆ, ಸೆಲ್ ಕಲ್ಚರ್‌ನೋ ಲೇಸರ್ ಟೇಬಲ್‌ನೋ ಮನೆಯಿಂದ ಮುಂದುವರಿಸೋಕಾಗಲ್ಲ, ಆ ಫೀಲ್ಡ್‌ನೋರು ಉದ್ದ ಇರೋ ಪ್ರೋಗ್ರಾಮ್‌ಗೇ ಹೋಗೋದು ವಾಸಿ. ಮತ್ತೆ ದುಡ್ಡಿನ ವಿಷಯ, ಸ್ಟೈಪೆಂಡ್ ಇಲ್ಲದ್ದಕ್ಕೆ ಸಾಲ ಮಾಡಿ ಹೋಗೋ ಪರಿಸ್ಥಿತಿ ಇದ್ರೆ ನಾನು ಬೇಡ ಅಂತೀನಿ, ಎಷ್ಟೇ ಒಳ್ಳೇ ಲೆಟರ್ ಆದ್ರೂ ಅಡ್ಮಿಷನ್ ಗ್ಯಾರಂಟಿ ಅಲ್ಲ, ನಿಮ್ಮ ಕಾಲೇಜಿನಲ್ಲೇ ಒಂದು ವರ್ಷ ಒಬ್ಬರ ಜೊತೆ ಗಟ್ಟಿಯಾಗಿ ಕೆಲಸ ಮಾಡಿದ ಲೆಟರ್ ಎಂಟು ವಾರದ ಫಾರಿನ್ ಲೆಟರ್‌ಗಿಂತ ಕಮ್ಮಿ ಏನಲ್ಲ.

ಅಪ್ಲೈ ಮಾಡೋ ಮುಂಚೆ ಅರ್ಹತೆ ಪುಟ ಮೊದಲು ಓದಿ. ಜರ್ಮನಿಯ ಡಾಡ್ ರೈಸ್ ಇಂಟರ್ನ್‌ಶಿಪ್ ಹೆಸರು ಕೇಳಿ ಎಷ್ಟೋ ಜನ ವಾರಗಟ್ಟಲೆ ತಯಾರಿ ಮಾಡ್ತಾರೆ, ಅದು ಉತ್ತರ ಅಮೆರಿಕ, ಬ್ರಿಟನ್ ಮತ್ತು ಐರ್ಲೆಂಡ್‌ನಲ್ಲಿ ಓದೋರಿಗೆ. ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಎಸ್‌ಎಫ್ ಹಣ ಕೊಡೋ ಆರ್‌ಇಯು ಅನ್ನೋ ಬೇಸಿಗೆ ರಿಸರ್ಚ್ ಸೀಟುಗಳು ಅಲ್ಲಿನ ಸಿಟಿಜನ್ ಮತ್ತು ಪರ್ಮನೆಂಟ್ ರೆಸಿಡೆಂಟ್‌ಗಳಿಗೆ. ಕ್ಯಾಲೆಂಡರ್ ಕೂಡ ಎಲ್ಲರೂ ಅಂದುಕೊಳ್ಳೋದಕ್ಕಿಂತ ಮುಂಚೆ ಶುರುವಾಗುತ್ತೆ. ಮಿಟಾಕ್ಸ್ ಅಪ್ಲಿಕೇಷನ್ ಸಾಮಾನ್ಯವಾಗಿ ಹಿಂದಿನ ವರ್ಷದ ಸೆಪ್ಟೆಂಬರ್ ಸುಮಾರಿಗೇ ಮುಚ್ಚುತ್ತೆ, ಸ್ವಿಟ್ಜರ್ಲೆಂಡ್ ಕಡೆದು ಚಳಿಗಾಲದ ಶುರುವಿನಲ್ಲಿ, ಸರ್ನ್‌ದು ಜನವರಿ ಹೊತ್ತಿಗೆ. ತಾರೀಕು ಪ್ರತಿ ವರ್ಷ ಆಚೀಚೆ ಆಗುತ್ತೆ, ಅವರ ಪುಟದಲ್ಲೇ ನೋಡಿಕೊಳ್ಳಿ. ಇಷ್ಟು ಬೇಗ ಅಂದ್ರೆ ಪ್ರೋಗ್ರಾಮ್‌ಗೆ ಹಾಕೋಕೂ ಒಂದು ಲೆಟರ್ ಬೇಕಾಗುತ್ತೆ, ಅದು ಬರೋದು ನಿಮ್ಮ ಕಾಲೇಜಿನ ಟೀಚರ್‌ನಿಂದಲೇ, ಹಾಗಾಗಿ ಎರಡನೇ ವರ್ಷದಲ್ಲೇ ಯಾರಾದ್ರೊಬ್ಬರ ಹತ್ರ ಸಣ್ಣ ಪ್ರಾಜೆಕ್ಟ್ ಮಾಡಿದ್ರೆ ಒಳ್ಳೇದು. ಸೆಪ್ಟೆಂಬರ್ ತಪ್ಪಿಸಿಕೊಂಡೋರಿಗೆ ಮೇಲ್ ದಾರಿ ಇನ್ನೂ ತೆರೆದಿರುತ್ತೆ, ಎರಡನ್ನೂ ಒಟ್ಟಿಗೆ ನಡೆಸೋದೇ ಜಾಣತನ.

ಇನ್ನೊಂದು ತಪ್ಪು ಲೆಕ್ಕ ಪೇಪರ್ ಬಗ್ಗೆ. ಹತ್ತು ಹನ್ನೆರಡು ವಾರದಲ್ಲಿ ಪೇಪರ್ ಬರೋದು ಅಪರೂಪ, ಬಂದ್ರೂ ಡಿಸೆಂಬರ್ ಒಳಗೆ ಪ್ರಕಟ ಆಗೋದು ಇನ್ನೂ ಅಪರೂಪ. ಅದರ ಆಸೆಗೆ ಪ್ರಾಜೆಕ್ಟ್ ಆರಿಸಬೇಡಿ. ಕಮಿಟಿಗೆ, ಇಂಟರ್‌ವ್ಯೂ ಇರೋ ಕಡೆ ಇಂಟರ್‌ವ್ಯೂನಲ್ಲಿ, ನೀವು ಏನು ಕೇಳಿದಿರಿ, ಏನು ಮಾಡಿದಿರಿ, ಏನು ಕೆಟ್ಟಿತು, ಮುಂದೆ ಏನು ಮಾಡ್ತಿದ್ದಿರಿ ಅಂತ ಹತ್ತು ನಿಮಿಷ ತಡವರಿಸದೆ ಹೇಳೋಕೆ ಬರಬೇಕು. ಅದಕ್ಕೆ ವಾರಕ್ಕೊಂದು ಪುಟ ನೋಟ್ಸ್ ಬರೆದಿಡಿ, ತಾರೀಕು ಹಾಕಿ, ಗ್ರಾಫ್ ಅಂಟಿಸಿ. ಇದೇ ನೋಟ್ಸ್ ಲೆಟರ್‌ಗೂ ಬೇಕು, ಯಾಕಂದ್ರೆ ಅಕ್ಟೋಬರ್ ಹೊತ್ತಿಗೆ ಪ್ರೊಫೆಸರ್‌ಗೆ ನಿಮ್ಮ ಜೂನ್ ತಿಂಗಳು ನೆನಪಿರಲ್ಲ.

ಲೆಟರ್ ಕೇಳೋದು ಅಲ್ಲಿಂದ ಹೊರಡೋ ಮುಂಚೆ, ಕೊನೇ ವಾರದಲ್ಲಿ, ಎದುರಿಗೆ ಕೂತು. ‘ನನಗೆ ಒಂದು ಗಟ್ಟಿಯಾದ ಲೆಟರ್ ಬರೆಯೋಕೆ ನಿಮಗೆ ಆಗುತ್ತಾ’ ಅಂತಲೇ ಕೇಳಿ, ಅವರು ತಡವರಿಸಿದ್ರೆ ಅದೂ ಒಂದು ಉತ್ತರನೇ, ಆ ಜಾಗಕ್ಕೆ ಬೇರೆಯವರನ್ನ ಹುಡುಕೋಕೆ ನಿಮಗಿನ್ನೂ ಮೂರು ತಿಂಗಳು ಇರುತ್ತೆ. ಒಪ್ಪಿದ್ರೆ ಅಕ್ಟೋಬರ್ ಮೊದಲ ವಾರದಲ್ಲಿ ಒಂದೇ ಮೇಲ್‌ನಲ್ಲಿ ಎಲ್ಲಾ ಕಳಿಸಿ, ಯೂನಿವರ್ಸಿಟಿ ಪಟ್ಟಿ ಮತ್ತು ತಾರೀಕು, ನಿಮ್ಮ ಸ್ಟೇಟ್‌ಮೆಂಟ್ ಡ್ರಾಫ್ಟ್, ಸಿವಿ, ನಿಮ್ಮ ಫೈನಲ್ ರಿಪೋರ್ಟ್, ಮತ್ತೆ ನೀವು ಮಾಡಿದ ಮೂರು ನಾಲ್ಕು ಕೆಲಸ ಅವರಿಗೆ ನೆನಪಾಗೋ ಹಾಗೆ ಅರ್ಧ ಪುಟ. ನವೆಂಬರ್ ಮಧ್ಯದಲ್ಲಿ ಒಂದು ರಿಮೈಂಡರ್, ಡೆಡ್‌ಲೈನ್‌ಗೆ ಐದು ದಿನ ಇರೋವಾಗ ಇನ್ನೊಂದು. ಆಗಲೂ ಪೋರ್ಟಲ್‌ನಲ್ಲಿ ಲೆಟರ್ ಬಂದಿಲ್ಲ ಅಂತಿದ್ರೆ ಗಾಬರಿ ಬೇಡ, ಅಪ್ಲಿಕೇಷನ್ ಮಾತ್ರ ಟೈಮಿಗೆ ಸಬ್‌ಮಿಟ್ ಮಾಡಿ, ತುಂಬಾ ಡಿಪಾರ್ಟ್‌ಮೆಂಟ್‌ಗಳು ಲೆಟರ್‌ಗೆ ಕೆಲವು ದಿನ ಆಚೀಚೆ ಒಪ್ಕೋತಾರೆ, ಗ್ರಾಜುಯೇಟ್ ಆಫೀಸ್‌ಗೆ ಒಂದು ಮೇಲ್ ಹಾಕಿ ಕೇಳಿಕೊಳ್ಳಿ, ಜೊತೆಗೆ ಲ್ಯಾಬಲ್ಲಿ ನಿಮ್ಮ ಜೊತೆ ಕೆಲಸ ಮಾಡಿದ ಪೋಸ್ಟ್‌ಡಾಕ್‌ಗೆ ಒಂದು ಮಾತು ಹೇಳಿ, ಪ್ರೊಫೆಸರ್ ಬಾಗಿಲು ತಟ್ಟಿ ನೆನಪಿಸೋಕೆ ಆಗೋದು ಅಲ್ಲೇ ಇರೋ ಅವರಿಗೇ.